ಸಾರಾಂಶ ಮಾತ್ರ ಸಾಕು ಎಂದಾಗ

"ಪೂರ್ತಿ ಶೀಟ್ ಬೇಡ, ಸಾರಾಂಶ ಮಾತ್ರ ಕೊಡಿ." ಪರಿಶೀಲನಾ ಸಭೆಯ ಹಿಂದಿನ ಸಂಜೆ ಮ್ಯಾನೇಜರ್ ಹೀಗೆ ಹೇಳಿದರೆ ಕೆಲಸ ಹಗುರವಾಯಿತೆಂದು ಅನ್ನಿಸಬಹುದು. ಆದರೆ ಹೊಣೆ ಹೆಚ್ಚುವುದು ಆಗಲೇ. ಪೂರ್ತಿ ಶೀಟ್ ಮುಂದಿದ್ದರೆ ತಪ್ಪು ಯಾರ ಕಣ್ಣಿಗಾದರೂ ಬಿದ್ದೀತು. ಸಾರಾಂಶದಲ್ಲಿರುವ ನಾಲ್ಕಾರು ಅಂಕಿಗಳನ್ನು ಸಭೆಯಲ್ಲಿ ಯಾರೂ ಮತ್ತೆ ಕೂಡಿ ನೋಡುವುದಿಲ್ಲ, ಅವನ್ನು ನಂಬಿಯೇ ತೀರ್ಮಾನ ಮಾಡುತ್ತಾರೆ.

ವಿಷಯ ತಿಳಿಯಾಗಲೆಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ದಾವಣಗೆರೆಯಲ್ಲಿ ಅಡುಗೆ ಎಣ್ಣೆ, ತುಪ್ಪ, ಬೆಲ್ಲ, ಬೇಳೆಗಳ ವಿತರಕರೊಬ್ಬರಿದ್ದಾರೆ. ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗ ಜಿಲ್ಲೆಗಳ ಕಿರಾಣಿ ಅಂಗಡಿಗಳಿಗೆ ಅವರ ಸರಕು ಹೋಗುತ್ತದೆ. 2025ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮಾರಾಟದ ಎಕ್ಸೆಲ್ ಫೈಲನ್ನು ಬಿಲ್ಲಿಂಗ್ ವಿಭಾಗದವರು ಆಫೀಸಿನ ಹಂಚಿಕೆ ಫೋಲ್ಡರ್‌ಗೆ ಅಪ್‌ಲೋಡ್ ಮಾಡಿದ್ದಾರೆ. ಒಂದೊಂದು ಸಾಲಿಗೆ ಒಂದೊಂದು ಬಿಲ್. ಮೊದಲು ಅದರ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಎಷ್ಟು ಹೊತ್ತಿಗೆ ತೆಗೆದ ಪ್ರತಿ ಎಂದು ಬರೆದಿಟ್ಟುಕೊಳ್ಳಬೇಕು. ರಾತ್ರಿ ಯಾರಾದರೂ ತಿದ್ದಿದ ಫೈಲ್ ಏರಿಸಿದರೆ ಬೆಳಿಗ್ಗೆ ಎರಡು ಮೊತ್ತಗಳ ಜಗಳವಾಗುತ್ತದೆ.

ಯಾವ ಕಾಲಂ ಕೂಡಬೇಕು ಎಂಬುದೂ ಮೊದಲೇ ನಿಶ್ಚಯವಾಗಬೇಕು. ತೆರಿಗೆ ಸೇರಿದ ಬಿಲ್ ಮೊತ್ತಕ್ಕಿಂತ ತೆರಿಗೆಗೆ ಮುಂಚಿನ ಮೌಲ್ಯವೇ ಹೋಲಿಕೆಗೆ ಸರಿ. ತುಪ್ಪದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ತೆರಿಗೆ ಸೇರಿಸಿ ಹೋಲಿಸುವವರಿಗೆ, ಅದೇ ಬೆಲೆಗೆ ಅಷ್ಟೇ ತುಪ್ಪ ಮಾರಿದ್ದರೂ, ಅಲ್ಲಿಂದಾಚೆಗೆ ವ್ಯಾಪಾರ ಕುಸಿದಂತೆ ಕಾಣುತ್ತದೆ.

ನಮ್ಮ ಫೈಲಿನಲ್ಲಿ ಆ ಕಾಲಂ ಕೂಡಿದಾಗ 152 ಲಕ್ಷ ರೂಪಾಯಿ ಬಂತು ಎನ್ನೋಣ. ಇದು ತಪ್ಪು, ಅದೂ ಎರಡು ಕಡೆಯಿಂದ. ಜೂನ್ ಕೊನೆಯಲ್ಲಿ ಯಾರೋ ಆ ತಿಂಗಳ ಒಟ್ಟು 40 ಲಕ್ಷವನ್ನು ಬಿಲ್ಲುಗಳ ಸಾಲಿನಲ್ಲೇ ಟೈಪ್ ಮಾಡಿಟ್ಟಿದ್ದಾರೆ, ಹಾಗಾಗಿ ಜೂನ್ ಎರಡು ಸಲ ಸೇರಿದೆ. ಬಿಲ್ ಸಂಖ್ಯೆಯ ಕಾಲಂ ಖಾಲಿಯಿರುವ ಸಾಲುಗಳನ್ನು ಫಿಲ್ಟರ್ ಮಾಡಿದರೆ ಇಂಥವು ಸಿಕ್ಕಿಬೀಳುತ್ತವೆ. ಇನ್ನೊಂದು ತಪ್ಪು ಕಣ್ಣಿಗೆ ಕಾಣುವುದೇ ಇಲ್ಲ. ಮೇ ತಿಂಗಳ ಕೆಲವು ಮೊತ್ತಗಳು ಸಂಖ್ಯೆಯಾಗಿರದೆ ಅಕ್ಷರವಾಗಿ ಕೂತಿವೆ. ನೋಡುವುದಕ್ಕೆ ಅಂಕಿಯೇ, ಆದರೆ ಎಕ್ಸೆಲ್ ಅವನ್ನು ಸದ್ದಿಲ್ಲದೆ ಬಿಟ್ಟು ಕೂಡುತ್ತದೆ. ಮೊತ್ತಗಳು F ಕಾಲಂನಲ್ಲಿದ್ದರೆ ಪತ್ತೆಹಚ್ಚಲು ಈ ಸೂತ್ರ ಸಾಕು:

```
=COUNTA(F2:F1800)-COUNT(F2:F1800)
```

ತುಂಬಿರುವ ಮನೆಗಳ ಲೆಕ್ಕದಿಂದ ಸಂಖ್ಯೆಯಿರುವ ಮನೆಗಳ ಲೆಕ್ಕವನ್ನು ಇದು ಕಳೆಯುತ್ತದೆ. ಉತ್ತರ ಸೊನ್ನೆ ಬರದಿದ್ದರೆ ಅಷ್ಟು ಮನೆಗಳನ್ನು ಹುಡುಕಿ ಸಂಖ್ಯೆಯಾಗಿ ಬದಲಿಸಬೇಕು. ಇಲ್ಲಿ ಹಾಗೆ ಬಿಟ್ಟುಹೋದದ್ದು 2 ಲಕ್ಷ. 152ರಿಂದ 40 ಕಳೆದು 2 ಕೂಡಿದರೆ 114 ಲಕ್ಷ. ವಾಪಸು ಬಂದ ಸರಕಿನ ಕ್ರೆಡಿಟ್ ನೋಟುಗಳು ಬೇರೆ ಶೀಟಿನಲ್ಲಿವೆ, ಅವು 4 ಲಕ್ಷ. ಕೊನೆಗೆ ನಿಲ್ಲುವ ನಿವ್ವಳ ಮಾರಾಟ 110 ಲಕ್ಷ. ಈ ಅಂಕಿಯನ್ನು ಆ ಮೂರು ತಿಂಗಳ ಜಿಎಸ್‌ಟಿಆರ್-1ರ ತೆರಿಗೆ ಮೌಲ್ಯದ ಜೊತೆ ತಾಳೆ ನೋಡಬೇಕು. ಅಲ್ಲಿ ಹೊಂದದಿದ್ದರೆ ಕಾರಣ ಸಿಗುವವರೆಗೆ ಮುಂದೆ ಹೋಗಬಾರದು.

ಈಗ ಹೋಲಿಕೆ. 2024ರ ಇದೇ ಮೂರು ತಿಂಗಳಲ್ಲಿ ನಿವ್ವಳ ಮಾರಾಟ 118 ಲಕ್ಷ. ಅಂದರೆ ಈ ವರ್ಷ ಶೇ. 6.8 ಇಳಿಕೆ. ಬಹಳಷ್ಟು ಸಾರಾಂಶಗಳು ಇಲ್ಲಿಗೇ ನಿಲ್ಲುತ್ತವೆ, ಸಭೆಯಲ್ಲಿ ಮಾರಾಟದ ಹುಡುಗರಿಗೆ ಬೈಗುಳ ಶುರುವಾಗುತ್ತದೆ. ಪಿವಟ್ ಟೇಬಲ್‌ನಲ್ಲಿ ತಿಂಗಳುಗಳನ್ನು ಬಿಡಿಸಿ ಇಟ್ಟರೆ ಕಥೆ ಬೇರೆಯಾಗುತ್ತದೆ. ಏಪ್ರಿಲ್ 52 ಲಕ್ಷದಿಂದ 36ಕ್ಕೆ ಬಿದ್ದಿದೆ. ಆದರೆ ಮೇ 32ರಿಂದ 35ಕ್ಕೆ, ಜೂನ್ 34ರಿಂದ 39ಕ್ಕೆ ಏರಿವೆ. ಎರಡು ತಿಂಗಳು ಏರಿದ ವ್ಯಾಪಾರ ಒಂದೇ ತಿಂಗಳಲ್ಲಿ ಹೀಗೆ ಕುಸಿದಿದ್ದರೆ ಪಂಚಾಂಗ ತೆಗೆದು ನೋಡಬೇಕು. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂದಿತ್ತು, 2025ರಲ್ಲಿ ಮಾರ್ಚ್ 30ಕ್ಕೇ ಬಂತು. ಹೋಳಿಗೆಗೆ ಬೇಕಾದ ಬೇಳೆ, ಬೆಲ್ಲ, ತುಪ್ಪವೆಲ್ಲ ಮಾರ್ಚ್ ತಿಂಗಳಲ್ಲೇ ಅಂಗಡಿ ಸೇರಿದವು. ಹಬ್ಬದ ವ್ಯಾಪಾರ ಎಲ್ಲಿಗೂ ಹೋಗಿಲ್ಲ, ಹಿಂದಿನ ತ್ರೈಮಾಸಿಕಕ್ಕೆ ಸರಿದಿದೆ.

ಇದು ಬರೀ ಊಹೆಯಾಗಿ ಉಳಿಯಬಾರದು, ಪರೀಕ್ಷಿಸಬಹುದು. ಎರಡೂ ವರ್ಷ ಮಾರ್ಚ್ ಸೇರಿಸಿ ನಾಲ್ಕು ತಿಂಗಳು ಕೂಡಿ. 2024ರ ಮಾರ್ಚ್ 37 ಲಕ್ಷ, 2025ರದು 56. ನಾಲ್ಕು ತಿಂಗಳಿಗೆ ಹೋದ ವರ್ಷ 155, ಈ ವರ್ಷ 166. ಇಳಿಕೆಯಲ್ಲ, ಶೇ. 7.1 ಏರಿಕೆ. ಹಬ್ಬವನ್ನು ಪೂರ್ತಿ ಬದಿಗಿಟ್ಟು ಮೇ, ಜೂನ್ ಮಾತ್ರ ನೋಡಿದರೆ 66ರಿಂದ 74, ಅಂದರೆ ಶೇ. 12.1 ಏರಿಕೆ.

ಜಿಲ್ಲೆಗಳನ್ನೂ ಈ ಎರಡು ತಿಂಗಳಲ್ಲೇ ಅಳೆಯುವುದು ನ್ಯಾಯ. ದಾವಣಗೆರೆ 30ರಿಂದ 36, ಶಿವಮೊಗ್ಗ 20ರಿಂದ 24, ಚಿತ್ರದುರ್ಗ 16ರಿಂದ 14. ಏರಿಕೆ ಶೇ. 20, ಶೇ. 20, ಇಳಿಕೆ ಶೇ. 12.5. ಈ ಮೂರು ಶೇಕಡಾಗಳ ಸರಾಸರಿ ತೆಗೆದರೆ 9.2 ಬರುತ್ತದೆ, ನಿಜವಾದ ಏರಿಕೆ 12.1. ಜಿಲ್ಲೆಗಳ ಗಾತ್ರ ಬೇರೆ ಬೇರೆಯಿರುವಾಗ ಶೇಕಡಾಗಳನ್ನು ಸರಾಸರಿ ಮಾಡಲೇಬಾರದು, ರೂಪಾಯಿ ಕೂಡಿ ಆಮೇಲೆ ಶೇಕಡಾ ತೆಗೆಯಬೇಕು.

ಚಿತ್ರದುರ್ಗದ ಇಳಿಕೆಯನ್ನು ಅಂಗಡಿವಾರು ಬಿಡಿಸಿದರೆ, ಹೋದ ವರ್ಷ 3 ಲಕ್ಷದ ಸರಕು ಒಯ್ದಿದ್ದ ಒಂದು ಸಗಟು ಅಂಗಡಿ ಈ ಎರಡು ತಿಂಗಳಲ್ಲಿ ಏನೂ ಕೊಂಡಿಲ್ಲ. ಉಳಿದ ಅಂಗಡಿಗಳೆಲ್ಲ ಸೇರಿ 13ರಿಂದ 14ಕ್ಕೆ ಏರಿವೆ. ಜಿಲ್ಲೆಯೇ ಸೊರಗಿದ್ದರೆ ಬೇಕಾಗುವ ಉಪಾಯ ಬೇರೆ, ಒಂದು ಅಂಗಡಿ ಕೈಬಿಟ್ಟಿದ್ದರೆ ಬೇಕಾಗುವುದು ಬೇರೆ. ಆ ಅಂಗಡಿ ಏಕೆ ನಿಲ್ಲಿಸಿತು ಎಂಬುದು ಮಾತ್ರ ಫೈಲಿನಲ್ಲಿ ಇರುವುದಿಲ್ಲ. ಸಾರಾಂಶ ಬರೆಯುವವರು ಅದಕ್ಕೆ ಕಾರಣ ಕಟ್ಟಬಾರದು.

ಇಷ್ಟೆಲ್ಲ ಆದ ಮೇಲೆ ಮ್ಯಾನೇಜರ್ ಕೈಗೆ ಹೋಗಬೇಕಾದದ್ದು ಇಷ್ಟೇ:

"ಏಪ್ರಿಲ್–ಜೂನ್ 2025ರ ನಿವ್ವಳ ಮಾರಾಟ 110 ಲಕ್ಷ, ಹೋದ ವರ್ಷ 118 ಲಕ್ಷ. ಈ ಸಲ ಯುಗಾದಿ ಮಾರ್ಚ್‌ನಲ್ಲೇ ಬಂದದ್ದರಿಂದ ಹಬ್ಬದ ಮಾರಾಟ ಇದರಲ್ಲಿಲ್ಲ. ಮಾರ್ಚ್ ಸೇರಿಸಿದರೆ ಶೇ. 7.1 ಏರಿಕೆ. ಮೇ–ಜೂನ್‌ನಲ್ಲಿ ದಾವಣಗೆರೆ, ಶಿವಮೊಗ್ಗ ತಲಾ ಶೇ. 20 ಏರಿವೆ. ಚಿತ್ರದುರ್ಗ 2 ಲಕ್ಷ ಇಳಿದಿದೆ. 3 ಲಕ್ಷದ ಒಬ್ಬ ಸಗಟು ಗಿರಾಕಿ ಖರೀದಿ ನಿಲ್ಲಿಸಿದ್ದಾರೆ, ಕಾರಣ ವಿಚಾರಿಸಬೇಕು. ಮೊತ್ತಗಳು ತೆರಿಗೆ ಬಿಟ್ಟು, ವಾಪಸು ಕಳೆದು."

ಎರಡು ಸಲ ಸೇರಿದ ಜೂನ್, ಅಕ್ಷರವಾಗಿದ್ದ ಅಂಕಿಗಳು, ಸೂತ್ರ, ಪಿವಟ್ ಇವ್ಯಾವುದೂ ಇಲ್ಲಿಲ್ಲ. ಅವು ಪ್ರತಿ ಫೈಲಿನಲ್ಲಿ ಬೇರೆ ಶೀಟಾಗಿ ಇರಲಿ, ಕೇಳಿದವರಿಗೆ ತೋರಿಸಿದರಾಯಿತು. ಯುಗಾದಿಯ ಮಾತನ್ನು ಮಾತ್ರ ಆ ಶೀಟಿಗೆ ತಳ್ಳುವಂತಿಲ್ಲ. ಅದನ್ನು ಬಿಟ್ಟರೆ 110 ಎಂಬ ಸರಿಯಾದ ಅಂಕಿಯೇ ಸಭೆಯನ್ನು ತಪ್ಪು ದಾರಿಗೆ ಎಳೆಯುತ್ತದೆ.

ವರ್ಷದ ಲೆಕ್ಕ ಸಾರಾಂಶ ಮಾಡುವವರೂ ಇದನ್ನು ನೆನಪಿಡಬೇಕು. 2023–24ರ ಹಣಕಾಸು ವರ್ಷದಲ್ಲಿ ಒಂದೂ ಯುಗಾದಿ ಇರಲಿಲ್ಲ, 2024–25ರಲ್ಲಿ ಎರಡು ಬಂದವು. 2027ರಲ್ಲಿ ಹಬ್ಬ ಮತ್ತೆ ಏಪ್ರಿಲ್‌ಗೆ, 7ನೇ ತಾರೀಖಿಗೆ ಬೀಳುತ್ತದೆ. ಆ ವರ್ಷದ ಮೊದಲ ತ್ರೈಮಾಸಿಕ ಜಿಗಿದಂತೆ ಕಂಡರೆ, ಶಹಬ್ಬಾಸ್ ಎನ್ನುವ ಮೊದಲು ಮಾರ್ಚ್ ತಿಂಗಳ ಶೀಟನ್ನೂ ತೆರೆದು ನೋಡಿ.