ರಕ್ತಪರೀಕ್ಷೆ ವರದಿ: ರೋಗದ ಹೆಸರು ಹೇಳದೆ ನಾಲ್ಕು ಸಾಲಿನಲ್ಲಿ ವಿವರಿಸುವುದು ಹೇಗೆ?

ರಕ್ತಪರೀಕ್ಷೆಯ ವರದಿ ಇಂದು ವೈದ್ಯರ ಮೇಜಿಗಿಂತ ಮೊದಲು ರೋಗಿಯ ಮೊಬೈಲ್‌ಗೆ ತಲುಪುತ್ತದೆ. ಬೆಳಗ್ಗೆ ರಕ್ತ ಕೊಟ್ಟು ಬಂದರೆ ಸಂಜೆಯೊಳಗೆ ವರದಿ ಸಿದ್ಧ. ವೈದ್ಯರ ಭೇಟಿ ಮಾತ್ರ ಮರುದಿನಕ್ಕೆ ಅಥವಾ ಅದರ ಮರುದಿನಕ್ಕೆ. ಈ ನಡುವಿನ ಅವಧಿಯಲ್ಲಿ ಮನೆಯಲ್ಲಿ ಸ್ವಲ್ಪ ಓದಿಕೊಂಡವರ ಕೈಗೆ ಆ ವರದಿ ಬರುತ್ತದೆ. ‘ಇದರಲ್ಲಿ ಏನಿದೆ, ಸ್ವಲ್ಪ ನೋಡಿ ಹೇಳಪ್ಪಾ’ ಎಂಬ ಕೋರಿಕೆ ಅದರ ಜೊತೆಗಿರುತ್ತದೆ. ಆಗ ‘ನನಗೆ ಗೊತ್ತಿಲ್ಲ’ ಎಂದು ಕೈಚೆಲ್ಲುವುದೂ ಸರಿಯಲ್ಲ, ಅಂತರ್ಜಾಲ ಜಾಲಾಡಿ ರೋಗದ ಹೆಸರು ಹೇಳುವುದೂ ಸರಿಯಲ್ಲ. ಇವೆರಡರ ಮಧ್ಯೆ ಒಂದು ದಾರಿಯಿದೆ: ವರದಿಯಲ್ಲಿ ಏನು ಬರೆದಿದೆಯೋ ಅದನ್ನು ಸರಳ ಮಾತಿನಲ್ಲಿ ಹೇಳುವುದು, ಅದು ಯಾಕೆ ಹಾಗಿದೆ ಎಂಬುದನ್ನು ವೈದ್ಯರಿಗೆ ಬಿಡುವುದು.

ಅತಿ ಸಾಮಾನ್ಯವಾದ ರಕ್ತಪರೀಕ್ಷೆಯೆಂದರೆ ಸಿಬಿಸಿ, ಅಂದರೆ ಸಂಪೂರ್ಣ ರಕ್ತಕಣ ಎಣಿಕೆ. ಇದರಲ್ಲಿ ಇಪ್ಪತ್ತರ ಆಸುಪಾಸು ಸಾಲುಗಳಿರುತ್ತವೆ. ನೋಡಿದೊಡನೆ ಗಾಬರಿಯಾಗುವುದು ಸಹಜ. ಆದರೆ ಅವೆಲ್ಲವೂ ಮೂರು ಕುಟುಂಬಗಳಿಗೆ ಸೇರಿದವು: ಆಮ್ಲಜನಕ ಒಯ್ಯುವ ಕೆಂಪು ಕಣಗಳು, ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣಗಳು ಮತ್ತು ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳು. ವರದಿಯನ್ನು ಸಾಲು ಸಾಲಾಗಿ ಓದದೆ ಕುಟುಂಬವಾರು ಓದಿದರೆ ಅರ್ಧ ಗೊಂದಲ ಕಳೆಯುತ್ತದೆ.

ಅಂಕಿಗಳಿಗೆ ಮುನ್ನ ನೋಡಬೇಕಾದದ್ದು ಮೇಲಿನ ಭಾಗ. ಹೆಸರು, ವಯಸ್ಸು, ಲಿಂಗ, ರಕ್ತ ತೆಗೆದ ದಿನಾಂಕ ಸರಿಯಾಗಿವೆಯೇ? ಇದು ಔಪಚಾರಿಕ ಮಾತಲ್ಲ. ಹಿಮೋಗ್ಲೋಬಿನ್‌ನ ಸಾಮಾನ್ಯ ಮಿತಿ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ, ಗರ್ಭಿಣಿಯರಿಗೆ ಮತ್ತೂ ಬೇರೆ. ಲಿಂಗ ತಪ್ಪಾಗಿ ನಮೂದಾಗಿದ್ದರೆ ಆರೋಗ್ಯವಂತೆಯ ವರದಿಯಲ್ಲೂ ‘ಕಡಿಮೆ’ ಎಂಬ ಗುರುತು ಬೀಳಬಹುದು.

ಇನ್ನು ಒಂದು ಉದಾಹರಣೆ. 34 ವರ್ಷದ ಗೃಹಿಣಿಯೊಬ್ಬರು ಆಯಾಸವೆಂದು ವೈದ್ಯರ ಬಳಿ ಹೋದರು, ಅವರು ಸಿಬಿಸಿ ಬರೆದುಕೊಟ್ಟರು ಎಂದಿಟ್ಟುಕೊಳ್ಳೋಣ. ವರದಿಯಲ್ಲಿ ಹಿಮೋಗ್ಲೋಬಿನ್ 10.2 ಗ್ರಾಂ ಇದೆ, ಪಕ್ಕದಲ್ಲಿ ಮುದ್ರಿತವಾದ ಸಾಮಾನ್ಯ ಮಿತಿ 12ರಿಂದ 15. ಕೆಂಪು ಕಣಗಳ ಸಂಖ್ಯೆ 45 ಲಕ್ಷ, ಇದು ಮಿತಿಯೊಳಗೇ ಇದೆ. ರಕ್ತದಲ್ಲಿ ಕೆಂಪು ಕಣಗಳು ಆಕ್ರಮಿಸಿರುವ ಪಾಲು, ಅಂದರೆ ಪಿಸಿವಿ, ಶೇ. 32.4, ಇದು ಕಡಿಮೆ. ಕಣದ ಸರಾಸರಿ ಗಾತ್ರ, ಅಂದರೆ ಎಂಸಿವಿ, 72. ಮಿತಿ 83ರಿಂದ 101. ಪ್ರತಿ ಕಣದಲ್ಲಿರುವ ಹಿಮೋಗ್ಲೋಬಿನ್, ಅಂದರೆ ಎಂಸಿಎಚ್, 22.7, ಮಿತಿ 27ರಿಂದ 32. ಕಣಗಳ ಗಾತ್ರದಲ್ಲಿನ ಏರುಪೇರನ್ನು ಸೂಚಿಸುವ ಆರ್‌ಡಿಡಬ್ಲ್ಯು 17.2, ಮಿತಿ 14ರವರೆಗೆ. ಬಿಳಿ ಕಣಗಳು 6,400, ಅವುಗಳಲ್ಲಿ ಲಿಂಫೋಸೈಟ್ ಶೇ. 42, ಮಿತಿ 20ರಿಂದ 40. ಪ್ಲೇಟ್‌ಲೆಟ್ 390.

ಲೆಕ್ಕ ಹಾಕಿದರೆ ಆರು ಕಡೆ ದಪ್ಪಕ್ಷರದ ಗುರುತು. ಆರು ತೊಂದರೆಗಳಿವೆ ಎಂದು ಮನೆಯವರು ಭಾವಿಸುತ್ತಾರೆ. ನಿಜಕ್ಕೂ ಹಾಗಿಲ್ಲ. ಎಂಸಿವಿ, ಎಂಸಿಎಚ್‌ಗಳನ್ನು ಉಳಿದ ಅಂಕಿಗಳ ಜೊತೆ ಇಟ್ಟು ನೋಡಿ. 32.4ನ್ನು ಹತ್ತರಿಂದ ಗುಣಿಸಿ, ಕೆಂಪು ಕಣಗಳ ಸಂಖ್ಯೆಯನ್ನು ದಶಲಕ್ಷದಲ್ಲಿ ಹೇಳುವ 4.5ರಿಂದ ಭಾಗಿಸಿದರೆ 72 ಬರುತ್ತದೆ, ಅದೇ ಎಂಸಿವಿ. 10.2ನ್ನು ಹತ್ತರಿಂದ ಗುಣಿಸಿ 4.5ರಿಂದ ಭಾಗಿಸಿದರೆ 22.7, ಅದೇ ಎಂಸಿಎಚ್. ಅಂದರೆ ಇವು ಒಂದಕ್ಕೊಂದು ಹೆಣೆದುಕೊಂಡ ಅಂಕಿಗಳು. ಒಂದು ಬದಲಾದರೆ ಇನ್ನೊಂದು ಬದಲಾಗಲೇಬೇಕು. ಕೆಂಪು ಕಣಗಳ ಕುಟುಂಬದ ಐದು ಗುರುತುಗಳೂ ಸೇರಿ ಹೇಳುತ್ತಿರುವುದು ಒಂದೇ ಸಂಗತಿ: ಕಣಗಳ ಸಂಖ್ಯೆ ಸಾಕಷ್ಟಿದೆ, ಆದರೆ ಅವು ಚಿಕ್ಕವಾಗಿವೆ, ಗಾತ್ರದಲ್ಲಿ ಸಮನಾಗಿಲ್ಲ, ಹೀಗಾಗಿ ಒಟ್ಟು ಹಿಮೋಗ್ಲೋಬಿನ್ ಕಡಿಮೆ ಇದೆ.

ಆರನೆಯ ಗುರುತು ಲಿಂಫೋಸೈಟ್‌ನದು. ಅನೇಕರ ನಿದ್ದೆಗೆಡಿಸುವ ಸಾಲು ಇದು, ಏಕೆಂದರೆ ‘ಲಿಂಫೋಸೈಟ್ ಹೆಚ್ಚು’ ಎಂದು ಅಂತರ್ಜಾಲದಲ್ಲಿ ಹುಡುಕಿದವರಿಗೆ ಕ್ಯಾನ್ಸರ್ ಎಂಬ ಪದ ಎದುರಾಗದೆ ಇರುವುದಿಲ್ಲ. ಇಲ್ಲಿ ಮರೆಯಬಾರದ ಮಾತೆಂದರೆ ಶೇಕಡಾವಾರು ಬರೀ ಪಾಲು. ಬೇರೊಂದು ಬಗೆಯ ಕಣ ತುಸು ಇಳಿದರೂ ಇದರ ಪಾಲು ಏರಿದಂತೆ ಕಾಣುತ್ತದೆ. ನೋಡಬೇಕಾದದ್ದು ನಿಜಸಂಖ್ಯೆಯನ್ನು. 6,400ರಲ್ಲಿ ಶೇ. 42 ಎಂದರೆ 2,688. ವರದಿಯ ಕೆಳಭಾಗದಲ್ಲಿ ನಿಜಸಂಖ್ಯೆಗೆ ಕೊಟ್ಟಿರುವ ಮಿತಿ 1,000ದಿಂದ 3,000. ಎಂದರೆ ಪಾಲು ಗೆರೆ ದಾಟಿದೆ, ಸಂಖ್ಯೆ ದಾಟಿಲ್ಲ. ಹಲವು ಪ್ರಯೋಗಾಲಯಗಳು ಎರಡನ್ನೂ ಮುದ್ರಿಸುತ್ತವೆ. ಮುದ್ರಿಸದಿದ್ದರೆ ಗುಣಾಕಾರ ಬಲ್ಲ ಯಾರಾದರೂ ಮಾಡಿಕೊಳ್ಳಬಹುದು.

ಪ್ಲೇಟ್‌ಲೆಟ್ 390 ಎಂಬುದನ್ನು ಕಂಡು ಬೆಚ್ಚಿದವರೂ ಇದ್ದಾರೆ. ಡೆಂಗ್ಯೂ ಕಾಲದಲ್ಲಿ ‘ಲಕ್ಷ’ದ ಲೆಕ್ಕಕ್ಕೆ ಒಗ್ಗಿದ ಕಿವಿಗೆ ಮುನ್ನೂರ ತೊಂಬತ್ತು ಎಂಬುದು ಪ್ರಾಣಾಪಾಯದ ಸಂಖ್ಯೆಯಂತೆ ಕೇಳಿಸುತ್ತದೆ. ಪಕ್ಕದ ಏಕಮಾನ ನೋಡಿ: ಅಲ್ಲಿ ‘ಸಾವಿರ’ದ ಗುರುತಿದೆ. 390 ಸಾವಿರವೆಂದರೆ 3.9 ಲಕ್ಷ, ಒಂದೂವರೆ ಲಕ್ಷದಿಂದ ಸುಮಾರು ನಾಲ್ಕು ಲಕ್ಷದವರೆಗಿನ ಮಿತಿಯೊಳಗೇ ಇದೆ. ಪ್ಲೇಟ್‌ಲೆಟ್ ನಿಜವಾಗಿಯೇ ಕಡಿಮೆ ಬಂದಾಗಲೂ ಒಂದು ಸಂಗತಿ ತಿಳಿದಿರಬೇಕು. ನೇರಳೆ ಮುಚ್ಚಳದ ಕೊಳವೆಯಲ್ಲಿರುವ ಇಡಿಟಿಎ ಎಂಬ ರಾಸಾಯನಿಕದಿಂದ ಕೆಲವರ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ, ಯಂತ್ರ ಅವನ್ನು ಸರಿಯಾಗಿ ಎಣಿಸಲಾರದು. ಆಗ ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಪುಗಳು ಕಾಣುತ್ತವೆ. ಬೇರೆ ರಾಸಾಯನಿಕವಿರುವ ಕೊಳವೆಯಲ್ಲಿ ರಕ್ತ ತೆಗೆದು ಎಣಿಸಿದರೆ ನಿಜ ಗೊತ್ತಾಗುತ್ತದೆ.

ಈಗ ಆ ಗೃಹಿಣಿಗೆ ಏನು ಹೇಳಬೇಕು? ವರದಿ ಓದಿದ ಮೈದುನ ಹೀಗೆ ಬರೆದು ಕಳಿಸಿದರೆ ಸಾಕು:

‘ಅತ್ತಿಗೆ, ನಿಮ್ಮ ವರದಿ ನೋಡಿದೆ. ಹಿಮೋಗ್ಲೋಬಿನ್ 10.2 ಇದೆ, ಇರಬೇಕಾದ್ದಕ್ಕಿಂತ ಕಡಿಮೆ. ಕೆಂಪು ಕಣಗಳು ಎಣಿಕೆಯಲ್ಲಿ ಸಾಕಷ್ಟಿವೆ, ಆದರೆ ಗಾತ್ರದಲ್ಲಿ ಚಿಕ್ಕವು, ಒಂದರಂತೆ ಒಂದಿಲ್ಲ. ಉಳಿದ ಗುರುತುಗಳಲ್ಲಿ ಹೆಚ್ಚಿನವು ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತವೆ. ಬಿಳಿ ಕಣಗಳ ಒಟ್ಟು ಸಂಖ್ಯೆ, ಪ್ಲೇಟ್‌ಲೆಟ್ ಎರಡೂ ಮಿತಿಯಲ್ಲಿವೆ. ಲಿಂಫೋಸೈಟ್‌ನ ಪಾಲು ಎರಡಂಶ ಜಾಸ್ತಿ, ಸಂಖ್ಯೆ ಮಿತಿಯಲ್ಲೇ ಇದೆ. ಹೀಗಾಗಲು ಕಾರಣ ಏನೆಂದು ಈ ಕಾಗದ ಹೇಳುವುದಿಲ್ಲ, ಡಾಕ್ಟರನ್ನೇ ಕೇಳಬೇಕು. ಹಳೆಯ ವರದಿ ಇದ್ದರೆ ಜೊತೆಗೆ ತೆಗೆದುಕೊಂಡು ಹೋಗಿ.’

ಇಲ್ಲಿ ‘ನಿಮಗೆ ಕಬ್ಬಿಣಾಂಶ ಕಡಿಮೆಯಾಗಿದೆ’ ಎಂಬ ಮಾತಿಲ್ಲ. ಬರೆಯಲು ಕೈ ತುರಿಸುವುದು ನಿಜ. ನಮ್ಮಲ್ಲಿ ಚಿಕ್ಕ ಕಣಗಳಿಗೆ ಅತಿ ಸಾಮಾನ್ಯ ಕಾರಣ ಕಬ್ಬಿಣದ ಕೊರತೆಯೇ. ಆದರೆ ತಂದೆತಾಯಿಯಿಂದ ಬಂದ ಥಲಸ್ಸೀಮಿಯಾ ವಾಹಕ ಗುಣವಿದ್ದರೂ ಕಣಗಳು ಚಿಕ್ಕವಾಗುತ್ತವೆ, ದೀರ್ಘಕಾಲದ ಉರಿಯೂತವಿದ್ದರೂ ಆಗಬಹುದು. ಎಂಸಿವಿಯನ್ನು ಕೆಂಪು ಕಣಗಳ ಸಂಖ್ಯೆಯಿಂದ ಭಾಗಿಸಿ, 13ಕ್ಕಿಂತ ಹೆಚ್ಚು ಬಂದರೆ ಕಬ್ಬಿಣದ ಕೊರತೆ, ಕಡಿಮೆ ಬಂದರೆ ಥಲಸ್ಸೀಮಿಯಾ ಗುಣ ಎನ್ನುವ ಒಂದು ಸೂತ್ರವೂ ಚಲಾವಣೆಯಲ್ಲಿದೆ. ಈ ವರದಿಯಲ್ಲಿ 16 ಬರುತ್ತದೆ. ಆದರೂ ಅದು ಮುಂದಿನ ಪರೀಕ್ಷೆ ಯಾವುದೆಂದು ಯೋಚಿಸಲು ವೈದ್ಯರಿಗಿರುವ ಸುಳಿವು ಮಾತ್ರ, ತೀರ್ಪಲ್ಲ. ಎರಡೂ ಒಟ್ಟಿಗೆ ಇರುವವರಲ್ಲಿ ಅದು ದಾರಿ ತಪ್ಪಿಸುತ್ತದೆ. ಖಚಿತಪಡಿಸಲು ಫೆರಿಟಿನ್ ಪರೀಕ್ಷೆ, ಬೇಕೆನಿಸಿದರೆ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ನೋಡುವ ಪರೀಕ್ಷೆ ಇವೆ.

ಊಹೆ ಸರಿಯಾಗಿದ್ದರೂ ಅದನ್ನು ಹೇಳುವುದರಿಂದ ಹಾನಿಯುಂಟು. ‘ಕಬ್ಬಿಣ ಕಡಿಮೆ’ ಎಂದೊಡನೆ ಔಷಧ ಅಂಗಡಿಯಿಂದ ಮಾತ್ರೆ ಬರುತ್ತದೆ. ಪರೀಕ್ಷೆಗೆ ಮುನ್ನವೇ ನುಂಗಿದ ಆ ಮಾತ್ರೆ ಮುಂದಿನ ಪರೀಕ್ಷೆಯ ಅಂಕಿಗಳನ್ನು ಕಲಕುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಬ್ಬಿಣ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯೇ ಮರೆತುಹೋಗುತ್ತದೆ. ಮುಟ್ಟಿನ ಅತಿಸ್ರಾವವೇ, ಕೊಕ್ಕೆಹುಳುವೇ, ಜಠರ ಅಥವಾ ಕರುಳಿನಲ್ಲಿ ಕಣ್ಣಿಗೆ ಕಾಣದಂತೆ ರಕ್ತ ಸೋರುತ್ತಿದೆಯೇ? ಮಾತ್ರೆಯಿಂದ ಹಿಮೋಗ್ಲೋಬಿನ್ ಏರಿ ಆಯಾಸ ತಗ್ಗಿದರೆ ಸೋರುತ್ತಿರುವ ಜಾಗವನ್ನು ಹುಡುಕುವವರು ಯಾರು? ನಡುವಯಸ್ಸು ದಾಟಿದ ಗಂಡಸರಲ್ಲಿ ಇಂಥದೇ ವರದಿ ಬಂದಾಗ ವೈದ್ಯರು ಜಠರ, ಕರುಳಿನ ತಪಾಸಣೆಗೆ ಒತ್ತಾಯಿಸುವುದು ಇದೇ ಕಾರಣಕ್ಕೆ.

ಅತ್ತ ಕಡೆಯ ತಪ್ಪೂ ಇದೆ: ಗುರುತು ಬಿದ್ದ ಪ್ರತಿ ಸಾಲನ್ನೂ ರೋಗವೆಂದೇ ತಿಳಿಯುವುದು. ‘ಸಾಮಾನ್ಯ ಮಿತಿ’ ಎಂಬುದನ್ನು ರೂಢಿಯಲ್ಲಿ ನಿಗದಿ ಮಾಡುವುದು ಆರೋಗ್ಯವಂತರ ಅಂಕಿಗಳಿಂದಲೇ. ಅವರಲ್ಲಿ ನಡುವಿನ ಶೇ. 95 ಮಂದಿಯ ಅಂಕಿಗಳನ್ನು ಒಳಗಿಟ್ಟು, ಎರಡು ತುದಿಗಳಲ್ಲಿ ಎರಡೂವರೆ ಎರಡೂವರೆಯಂತೆ ಹೊರಗಿಡುತ್ತಾರೆ. ಆದ್ದರಿಂದ ಯಾವ ಕಾಯಿಲೆಯೂ ಇಲ್ಲದ ಇಪ್ಪತ್ತು ಜನರಲ್ಲಿ ಒಬ್ಬರ ಅಂಕಿ ಗೆರೆಯ ಹೊರಗಿರುವುದು ಲೆಕ್ಕದಲ್ಲೇ ಅಡಕವಾಗಿದೆ. ಗೆರೆಯಿಂದ ಕೂದಲೆಳೆಯಷ್ಟು ಆಚೆಗಿರುವ ಅಂಕಿಯನ್ನೂ ಬಹುದೂರ ಹೋದ ಅಂಕಿಯನ್ನೂ ಯಂತ್ರ ಹೆಚ್ಚಾಗಿ ಒಂದೇ ಅಕ್ಷರದಿಂದ ಗುರುತಿಸುತ್ತದೆ. ಮೇಲಿನ ವರದಿಯಲ್ಲಿ 42ಕ್ಕೂ ಗುರುತಿದೆ, 72ಕ್ಕೂ ಗುರುತಿದೆ. ಎರಡರ ತೂಕ ಒಂದೇ ಅಲ್ಲ. ಹಳೆಯ ವರದಿ ಬೇಕೆನ್ನುವುದು ಇದಕ್ಕೇ. ಆರು ತಿಂಗಳ ಹಿಂದೆ 10.4 ಇದ್ದದ್ದು ಈಗ 10.2 ಆಗಿರುವುದಕ್ಕೂ 13.1 ಇದ್ದದ್ದು 10.2 ಆಗಿರುವುದಕ್ಕೂ ಬಹಳ ಅಂತರವಿದೆ, ಇಂದಿನ ಕಾಗದದಲ್ಲಿ ಮಾತ್ರ ಎರಡೂ ಒಂದೇ ತೆರನಾಗಿ ಕಾಣುತ್ತವೆ.

ಸಂಜೆಯ ವರದಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದ ಸಂದರ್ಭಗಳೂ ಉಂಟು. ಪ್ರಯೋಗಾಲಯದವರೇ ಫೋನ್ ಮಾಡಿ ಎಚ್ಚರಿಸಿದರೆ, ಷರಾದಲ್ಲಿ ‘ಬ್ಲಾಸ್ಟ್’ ಕಣಗಳ ಪ್ರಸ್ತಾಪವಿದ್ದರೆ, ಪ್ಲೇಟ್‌ಲೆಟ್ ಹತ್ತಿಪ್ಪತ್ತು ಸಾವಿರಕ್ಕೆ ಇಳಿದಿದ್ದರೆ, ಅಥವಾ ಅಂಕಿ ಏನೇ ಇರಲಿ, ರೋಗಿಗೆ ಉಸಿರು ಕಟ್ಟುತ್ತಿದ್ದರೆ, ಎದೆ ನೋಯುತ್ತಿದ್ದರೆ, ಮಲ ಕಪ್ಪಾಗಿದ್ದರೆ, ರಕ್ತಸ್ರಾವ ನಿಲ್ಲದಿದ್ದರೆ ಆಗ ಬರೆಯಬೇಕಾದ ಸಾಲು ಒಂದೇ: ‘ಈಗಲೇ ಆಸ್ಪತ್ರೆಗೆ ಹೊರಡಿ, ವರದಿ ಕೈಯಲ್ಲಿರಲಿ.’ ವಿವರಣೆ ಆಮೇಲಾದರೂ ನಡೆಯುತ್ತದೆ.