ಉತ್ತರ ಸರಿ, ಅಂಕ ಕಟ್: ‘ಪ್ಲಸ್ ಸಿ’ಯ ತಕರಾರು

ದ್ವಿತೀಯ ಪಿಯುಸಿ ಗಣಿತದಲ್ಲಿ ಇಂಟಿಗ್ರೇಷನ್ ಪಾಠ ಶುರುವಾದ ಮೇಲೆ ಪ್ರತಿ ಪರೀಕ್ಷೆಯ ನಂತರವೂ ಕೇಳಿಬರುವ ದೂರು ಒಂದಿದೆ. ‘ಸಾರ್, ನನ್ನ ಉತ್ತರ ಡಿಫರೆನ್ಷಿಯೇಟ್ ಮಾಡಿ ನೋಡಿ, ಪ್ರಶ್ನೆಯಲ್ಲಿ ಕೊಟ್ಟಿದ್ದೇ ವಾಪಸ್ ಬರುತ್ತದೆ. ಮತ್ತೆ ಅಂಕ ಯಾಕೆ ಕಟ್ ಮಾಡಿದಿರಿ?’ ಮೇಷ್ಟ್ರು ಉತ್ತರದ ಕೊನೆಗೆ ಕೆಂಪು ಪೆನ್ನಿನಲ್ಲಿ + C ಎಂದು ಬರೆದು, ‘ಇದು ಎಲ್ಲಿ?’ ಎನ್ನುತ್ತಾರೆ. ಹುಡುಗನಿಗೆ ಇದು ಅರ್ಜಿಯ ಕೊನೆಗೆ ‘ಇಂತಿ ತಮ್ಮ ವಿಧೇಯ’ ಬರೆಯಲಿಲ್ಲ ಎಂದು ಅರ್ಜಿಯನ್ನೇ ತಿರಸ್ಕರಿಸಿದಂತೆ ಕಾಣುತ್ತದೆ. ಅವನ ಸಿಟ್ಟು ಸಹಜವೇ. ಆದರೆ ಈ C ಬರೀ ಶಿಷ್ಟಾಚಾರವಲ್ಲ ಎಂಬುದು ಒಂದೇ ಒಂದು ಲೆಕ್ಕದಿಂದ ಗೊತ್ತಾಗುತ್ತದೆ.

ಲೆಕ್ಕ ಇದು: ∫ sin x cos x dx. ಒಬ್ಬಳು sin x ಅನ್ನು u ಎಂದು ಇಟ್ಟುಕೊಳ್ಳುತ್ತಾಳೆ. ಅವಳಿಗೆ sin²x/2 ಬರುತ್ತದೆ. ಪಕ್ಕದವನು cos x ಅನ್ನು u ಎಂದು ಇಟ್ಟುಕೊಂಡು −cos²x/2 ಪಡೆಯುತ್ತಾನೆ. ಮೂರನೆಯವಳು ಮೊದಲೇ sin x cos x ಎಂದರೆ (sin 2x)/2 ಎಂದು ಬದಲಾಯಿಸಿಕೊಂಡು −(cos 2x)/4 ಬರೆಯುತ್ತಾಳೆ. ಮೂವರೂ ಡಿಫರೆನ್ಷಿಯೇಟ್ ಮಾಡಿ ನೋಡಲಿ, ಮೂರರಲ್ಲೂ sin x cos x ಸರಿಯಾಗಿ ಸಿಗುತ್ತದೆ. ಯಾರ ಹೆಜ್ಜೆಯಲ್ಲೂ ತಪ್ಪಿಲ್ಲ.

ಈಗ x = 0 ಹಾಕಿ. ಮೊದಲನೆಯ ಉತ್ತರ 0, ಎರಡನೆಯದು −1/2, ಮೂರನೆಯದು −1/4. ಮೂರೂ ಬೇರೆ ಬೇರೆ! C ಇಲ್ಲದೆ ಬರೆದರೆ ಮೂವರೂ ‘ಈ ಇಂಟಿಗ್ರಲ್ ಇದಕ್ಕೆ ಸಮ’ ಎಂದೇ ಸಾಧಿಸಿದಂತೆ. ಒಂದೇ ವಸ್ತುವಿಗೆ ಸಮವಾದವು ತಮ್ಮೊಳಗೂ ಸಮವಾಗಬೇಕಷ್ಟೆ. ಹಾಗಾದರೆ sin²x/2 = −cos²x/2. ಎರಡನೆಯದನ್ನು ಈಚೆ ತಂದರೆ sin²x + cos²x = 0. ಆದರೆ ಅದು 1 ಎಂಬುದು ಎಲ್ಲರಿಗೂ ಬಾಯಿಪಾಠ. ಅಂದರೆ 1 = 0. ಎಲ್ಲ ಹೆಜ್ಜೆಯೂ ಸರಿಯಿದ್ದು ಹೀಗಾಯಿತೆಂದರೆ ಎಡವಟ್ಟು ‘=’ ಚಿಹ್ನೆ ಇಟ್ಟ ಕಡೆಯೇ ಇರಬೇಕು. ಪ್ರತಿ ಉತ್ತರಕ್ಕೂ + C ಸೇರಿಸಿದರೆ ಜಗಳ ಮುಗಿಯಿತು. ಮೊದಲೆರಡು ಉತ್ತರಗಳ ನಡುವೆ ಎಲ್ಲೆಲ್ಲೂ 1/2ರ ಅಂತರ, ಮೊದಲನೆಯದಕ್ಕೂ ಮೂರನೆಯದಕ್ಕೂ 1/4ರ ಅಂತರ. ಆ ಅಂತರವನ್ನು C ನುಂಗಿಕೊಳ್ಳುತ್ತದೆ.

ಹಾಗಾದರೆ ಪ್ರಶ್ನೆ ನಿಜವಾಗಿ ಕೇಳಿದ್ದೇನು? ಮೇಲೂ ಕೆಳಗೂ ಮಿತಿಯಿಲ್ಲದ ಆ ಉದ್ದನೆಯ S ಚಿಹ್ನೆ, ‘ಡಿಫರೆನ್ಷಿಯೇಟ್ ಮಾಡಿದರೆ ಇದು ಸಿಗುವ ಫಂಕ್ಷನ್‌ಗಳನ್ನೆಲ್ಲ ಕೊಡು’ ಎನ್ನುತ್ತದೆ. ಒಂದನ್ನು ಕೊಡು ಎನ್ನುವುದಿಲ್ಲ. x² ಸರಿ, x² + 7 ಸರಿ, x² − 300 ಕೂಡ ಸರಿ. ಮೂರನ್ನು ಡಿಫರೆನ್ಷಿಯೇಟ್ ಮಾಡಿದರೂ 2x. ಸ್ಥಿರಾಂಕದ ಇಳಿಜಾರು ಸೊನ್ನೆ, ಹಾಗಾಗಿ ಡಿಫರೆನ್ಷಿಯೇಷನ್ ಅದನ್ನು ಅಳಿಸಿಹಾಕುತ್ತದೆ. ‘ಡಿಫರೆನ್ಷಿಯೇಟ್ ಮಾಡಿ ನೋಡಿ’ ಎಂಬ ಹುಡುಗನ ಸವಾಲು ಸೋಲುವುದು ಇಲ್ಲಿಯೇ: ಬಿಟ್ಟುಹೋದದ್ದನ್ನು ಅಳಿಸಿಹಾಕುವ ಪರೀಕ್ಷೆಯಿಂದಲೇ ಬಿಟ್ಟುಹೋಗಿದೆಯೇ ಎಂದು ತಿಳಿಯಲಾಗದು.

ಒಂದು C ಸಾಕು ಎನ್ನುವುದಕ್ಕೂ ಕಾರಣ ಬೇಕಲ್ಲ. ಎರಡು ಫಂಕ್ಷನ್‌ಗಳ ಇಳಿಜಾರು ಎಲ್ಲ ಕಡೆ ಒಂದೇ ಆದರೆ ಅವುಗಳ ವ್ಯತ್ಯಾಸದ ಇಳಿಜಾರು ಎಲ್ಲ ಕಡೆ ಸೊನ್ನೆ. ಏರದೆ ಇಳಿಯದೆ ಇರುವುದು ಮಟ್ಟವಾಗಿಯೇ ಇರಬೇಕು. ಆದ್ದರಿಂದ ವ್ಯತ್ಯಾಸ ಒಂದು ಸ್ಥಿರಸಂಖ್ಯೆ. ಇದು ತುಂಡಾಗದ ಒಂದೇ ವ್ಯಾಪ್ತಿಗೆ ಮಾತ್ರ ಒಪ್ಪುವ ವಾದ. 1/x ಸೊನ್ನೆಯಲ್ಲಿ ಕಡಿದುಹೋಗುತ್ತದೆ, ಅದರ ಎಡಕ್ಕೊಂದು C, ಬಲಕ್ಕೊಂದು C ಇರಬಹುದು. ಪಠ್ಯಪುಸ್ತಕಗಳು log|x| + C ಎಂದಷ್ಟೇ ಬರೆದು ಮುಂದೆ ಹೋಗುತ್ತವೆ. ಪರೀಕ್ಷೆಗೆ ಅಷ್ಟು ಸಾಕು.

‘ಯಾವುದೋ ಗೊತ್ತಿಲ್ಲದ ಸಂಖ್ಯೆ ಬರೆದು ಏನು ಪ್ರಯೋಜನ?’ ಎಂದು ಕೇಳುವವರಿದ್ದಾರೆ. 25 ಮೀಟರ್ ಎತ್ತರದ ತಾರಸಿಯ ಅಂಚಿನಿಂದ ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆಯಿರಿ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ t ಸೆಕೆಂಡಿನ ನಂತರ ವೇಗ 20 − 10t. ಇಂಟಿಗ್ರೇಟ್ ಮಾಡಿದರೆ ಎತ್ತರ 20t − 5t² + C. ಎಸೆದ ಕ್ಷಣದಲ್ಲಿ, ಅಂದರೆ t = 0 ಆದಾಗ, ಎತ್ತರ 25; ಆದ್ದರಿಂದ C = 25. ಚೆಂಡು ನೆಲಕ್ಕೆ ಬೀಳುವುದು 20t − 5t² + 25 = 0 ಆದಾಗ, ಅಂದರೆ t = 5 ಸೆಕೆಂಡಿಗೆ. C ಬಿಟ್ಟಿದ್ದರೆ 4 ಸೆಕೆಂಡ್ ಎಂದು ಬರುತ್ತಿತ್ತು. ಆ ಹೊತ್ತಿಗೆ ಚೆಂಡು ತಾರಸಿಯ ಮಟ್ಟಕ್ಕೆ ಮರಳಿರುತ್ತದೆ ಅಷ್ಟೆ. ನೆಲ ಇನ್ನೂ 25 ಮೀಟರ್ ಕೆಳಗಿದೆ. ವೇಗದ ಸೂತ್ರಕ್ಕೆ ಕಟ್ಟಡದ ಎತ್ತರ ಗೊತ್ತಿರಲಿಲ್ಲ. ಅದಕ್ಕೆ ಜಾಗ ಕಾದಿಟ್ಟದ್ದು C.

ಮರೆತ C ಅನ್ನು ಕೊನೆಗೆ ತಗುಲಿಸಿದರೆ ಆಯಿತು ಎಂದುಕೊಳ್ಳುವವರು ಡಿಫರೆನ್ಷಿಯಲ್ ಇಕ್ವೇಷನ್ ಪಾಠಕ್ಕೆ ಬಂದಾಗ ದೊಡ್ಡ ಏಟು ತಿನ್ನುತ್ತಾರೆ. dy/dx = y ಎಂಬ ಸಮೀಕರಣ ತೆಗೆದುಕೊಳ್ಳಿ; ಇದ್ದಷ್ಟಕ್ಕೆ ತಕ್ಕಂತೆ ಬೆಳೆಯುವ ಬ್ಯಾಕ್ಟೀರಿಯಾ ಲೆಕ್ಕ ಇದೇ ಬಗೆಯದು. y ಧನಸಂಖ್ಯೆ ಎಂದಿಟ್ಟುಕೊಂಡು dy/y = dx ಮಾಡಿ ಇಂಟಿಗ್ರೇಟ್ ಮಾಡಿದರೆ log y = x + C. ಆಗ y = e^(x + C), ಅಂದರೆ y = A·e^x. ಸ್ಥಿರಾಂಕ ಗುಣಕವಾಗಿ ಕೂತಿತು. ಮರೆತವನು log y = x ಎಂದು ಬರೆದು y = e^x ತಲುಪುತ್ತಾನೆ. ಆಮೇಲೆ ನೆನಪಾಗಿ y = e^x + C ಎನ್ನುತ್ತಾನೆ. ಇದು ಸಮೀಕರಣಕ್ಕೆ ಹೊಂದುವುದೇ ಇಲ್ಲ: ಡಿಫರೆನ್ಷಿಯೇಟ್ ಮಾಡಿದರೆ e^x, ಆದರೆ y ಎಂದರೆ e^x + C. C ಸೊನ್ನೆಯಾಗದ ಹೊರತು ಎರಡೂ ಸಮವಲ್ಲ. ಶುರುವಿನಲ್ಲಿ ಬ್ಯಾಕ್ಟೀರಿಯಾ 100 ಇದ್ದವು ಎನ್ನಿ. ಸರಿಯಾದ ಸೂತ್ರ 100e^x; x = 3 ಆಗುವಾಗ ಸುಮಾರು 2009. ತಪ್ಪಿದ ಸೂತ್ರ e^x + 99. ಅದರಂತೆ ಸುಮಾರು 119. ಇಲ್ಲಿ ಹೋಗುವುದು ಅರ್ಧ ಅಂಕವಲ್ಲ, ಆ ಹೆಜ್ಜೆಯ ನಂತರದ್ದೆಲ್ಲ. ಮೊದಲ ಪಾಠದಲ್ಲಿ ಮೇಷ್ಟ್ರು ಅಷ್ಟು ಬಿಗಿಯಾಗಿರುವುದಕ್ಕೆ ಇದೇ ಸಮರ್ಥನೆ ಎಂದು ನನಗನಿಸುತ್ತದೆ. ಇಂಟಿಗ್ರೇಟ್ ಮಾಡಿದ ಕ್ಷಣವೇ C ಬರೆಯುವ ರೂಢಿ ಅಲ್ಲಿ ಬೀಳದಿದ್ದರೆ ಇಲ್ಲಿ ಬೀಳುವುದಿಲ್ಲ.

ಹಾಗೆಂದು ಕಂಡಲ್ಲೆಲ್ಲ C ಬರೆಯಬೇಕಿಲ್ಲ. ಮೇಲೆ ಕೆಳಗೆ ಮಿತಿ ಕೊಟ್ಟ ಇಂಟಿಗ್ರಲ್‌ನಲ್ಲಿ ಮೇಲಿನ ಬೆಲೆಯಿಂದ ಕೆಳಗಿನದನ್ನು ಕಳೆಯುವಾಗ C ತಾನೇ ಹೊಡೆದುಹೋಗುತ್ತದೆ. ಬೈ ಪಾರ್ಟ್ಸ್ ವಿಧಾನದಲ್ಲಿ ಮಧ್ಯೆ v ಕಂಡುಹಿಡಿಯುವಾಗ ಯಾವ ಸ್ಥಿರಾಂಕ ಸೇರಿಸಿದರೂ ಕೊನೆಗೆ ಅದು ಕಳೆದುಹೋಗುತ್ತದೆ, ಹಾಗಾಗಿ ಸೊನ್ನೆ ಎಂದೇ ಹಿಡಿಯುವುದು ವಾಡಿಕೆ. ಜಾಣರು ಈ ಸ್ವಾತಂತ್ರ್ಯವನ್ನು ಬಳಸಿಕೊಳ್ಳುವುದೂ ಉಂಟು. ∫ 2x tan⁻¹x dx ಲೆಕ್ಕದಲ್ಲಿ 2x ಅನ್ನು ಇಂಟಿಗ್ರೇಟ್ ಮಾಡಿ x² ಎನ್ನುವ ಬದಲು x² + 1 ಎಂದು ತೆಗೆದುಕೊಂಡರೆ, tan⁻¹x ನಿಂದ ಬರುವ 1/(1 + x²) ಅದರೊಂದಿಗೆ ಪೂರ್ತಿ ಹೊಡೆದುಹೋಗಿ ಉಳಿಯುವುದು ∫ 1 dx ಮಾತ್ರ. ಉತ್ತರ (x² + 1) tan⁻¹x − x + C. x² ಎಂದೇ ಹಿಡಿದವರು x²/(1 + x²) ಅನ್ನು ಒಡೆದು, ಇನ್ನೊಂದು ಇಂಟಿಗ್ರಲ್ ಬಿಡಿಸಿ ಇಲ್ಲಿಗೇ ಬರುತ್ತಾರೆ. ಕೊನೆಯ C ಮಾತ್ರ ಇಬ್ಬರೂ ಬರೆಯಬೇಕು.