ವಕೀಲರ ಪತ್ರಕ್ಕೊಂದು ಸಾರಾಂಶ

ದೊಡ್ಡ ಕಥೆಯೊಂದರ ಸಾರಾಂಶವನ್ನು ಬರೆಯುವಾಗ ಒಂದು ಉಪಕಥೆ ಬಿಟ್ಟುಹೋದರೆ ಯಾರಿಗೂ ಹೇಳಿಕೊಳ್ಳುವಂಥ ನಷ್ಟವಿಲ್ಲ. ಆದರೆ ಮೊಕದ್ದಮೆಯನ್ನು ವಹಿಸಿಕೊಳ್ಳುವ ವಕೀಲರು ಕಕ್ಷಿದಾರರಿಗೆ ಬರೆದುಕೊಡುವ ಪತ್ರದ ಮಾತು ಹಾಗಲ್ಲ. ಅದನ್ನು ಸಂಕ್ಷೇಪಿಸುವಾಗ ‘ಮಾತ್ರ’, ‘ಹೊರತು’, ‘ತನಕ’ ಎಂಬ ಸಣ್ಣ ಮಾತುಗಳು ಜಾರಿಹೋದರೆ, ಮುಂದೆ ಜಗಳ ಹುಟ್ಟುವುದು ಆ ಜಾಗದಲ್ಲಿಯೇ.

ಈ ಪತ್ರವೂ ವಕಾಲತ್ತುನಾಮೆಯೂ ಒಂದೇ ಅಲ್ಲ. ವಕಾಲತ್ತುನಾಮೆಯು ನ್ಯಾಯಾಲಯಕ್ಕೆ ಸಲ್ಲುವಂಥದು; ಇವರು ನನ್ನ ಪರವಾಗಿ ನಿಲ್ಲುತ್ತಾರೆ ಎಂದು ಅದು ಸಾರುತ್ತದೆ. ಪತ್ರವಾದರೋ ಕಕ್ಷಿದಾರ ಮತ್ತು ವಕೀಲ ಇಬ್ಬರ ನಡುವಿನ ಕರಾರು. ನಮ್ಮಲ್ಲಿ ಅದು ಕಡ್ಡಾಯವಲ್ಲವಾದ್ದರಿಂದ ಬಹಳ ಕಡೆ ಬಾಯಿಮಾತೇ ಕರಾರಾಗಿರುತ್ತದೆ. ಪತ್ರವಿದ್ದರೂ ಇಂಗ್ಲಿಷಿನಲ್ಲಿರುವುದುಂಟು, ಆಗ ಮನೆಯ ಓದುಬಲ್ಲವರು ಅದರ ತಿರುಳನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಬೇಕಾಗುತ್ತದೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಬೆಳಗಾವಿಯ ಶಹಾಪುರದಲ್ಲಿರುವ ಹೆಣ್ಣುಮಗಳೊಬ್ಬಳಿಗೆ ಖಾನಾಪುರ ತಾಲೂಕಿನ ತವರಿನ ಹೊಲದಲ್ಲಿ ಪಾಲು ಬರಬೇಕಾಗಿದೆ. ಉತಾರದಲ್ಲಿ ಅಣ್ಣಂದಿರ ಹೆಸರಷ್ಟೇ ಇದೆ. ಖಾನಾಪುರದ ನ್ಯಾಯಾಲಯದಲ್ಲಿ ವಾಟಣಿಯ ದಾವೆ ಹೂಡಲು ಬೆಳಗಾವಿಯ ವಕೀಲರು ಒಪ್ಪಿ ಪತ್ರ ಕೊಟ್ಟಿದ್ದಾರೆ.

ಮೊದಲನೆಯದು ಕೆಲಸದ ವ್ಯಾಪ್ತಿ. ಪತ್ರದಲ್ಲಿ ‘ಪ್ರಾಥಮಿಕ ಡಿಕ್ರಿಯ ತನಕ’ ಎಂದಿದೆ. ಇದನ್ನು ‘ವಾಟಣಿಯ ಕೇಸು ನಡೆಸಿಕೊಡುತ್ತಾರೆ’ ಎಂದು ಬರೆದರೆ ಸಾರಾಂಶವೇ ಸುಳ್ಳಾಯಿತು. ಏಕೆಂದರೆ ಪ್ರಾಥಮಿಕ ಡಿಕ್ರಿಯು ಯಾರಿಗೆ ಎಷ್ಟು ಪಾಲು ಎಂಬುದನ್ನು ಮಾತ್ರ ನಿರ್ಣಯಿಸುತ್ತದೆ. ಹೊಲವನ್ನು ಅಳೆದು, ಹದ್ದು ಹಾಕಿ, ಪಾಲನ್ನು ಸ್ವಾಧೀನಕ್ಕೆ ಕೊಡುವುದು ಅದರ ಮುಂದಿನ ಹಂತ. ಕಂದಾಯದ ಜಮೀನಾದರೂ ಕರ್ನಾಟಕದಲ್ಲಿ ಆ ವಿಭಜನೆಯನ್ನು ನ್ಯಾಯಾಲಯವೇ ಮಾಡಿಸುತ್ತದೆ. ಎದುರು ಪಕ್ಷದವರು ಮೇಲ್ಮನವಿ ಹೂಡಿದರೆ ಅದು ಮತ್ತೊಂದು ಕೆಲಸ. ಅದಕ್ಕಾಗಿ ಬೆಳಗಾವಿಗೋ ಧಾರವಾಡದ ಹೈಕೋರ್ಟ್ ಪೀಠಕ್ಕೋ ಹೋಗಬೇಕಾದೀತು. ಆದ್ದರಿಂದ ಸಾರಾಂಶದಲ್ಲಿ ‘ಒಳಗೊಂಡಿದೆ’ ಎಂಬ ಸಾಲಿನ ಕೆಳಗೇ ‘ಒಳಗೊಂಡಿಲ್ಲ’ ಎಂಬ ಸಾಲು ಇರಬೇಕು: ಅಳತೆ ಮತ್ತು ಅಂತಿಮ ಡಿಕ್ರಿ, ಮೇಲ್ಮನವಿ.

ಎರಡನೆಯದು ಫೀ. ನಮ್ಮ ಪತ್ರದಲ್ಲಿ ಒಟ್ಟು 60,000 ರೂಪಾಯಿ. ದಾವೆ ಹೂಡುವಾಗ 20,000, ಸಾಕ್ಷ್ಯ ಆರಂಭವಾದಾಗ 20,000, ಅಂತಿಮ ವಾದದ ಹೊತ್ತಿಗೆ 20,000. ಸಾರಾಂಶದಲ್ಲಿ ಮೊತ್ತವೊಂದೇ ಸಾಲದು; ಯಾವ ಹಂತಕ್ಕೆ ಯಾವ ಕಂತು ಎಂಬುದೂ ಬೇಕು. ಗೆದ್ದರೆ ಹೊಲದಲ್ಲಿ ಇಷ್ಟು ಪಾಲು ವಕೀಲರಿಗೆ ಎಂಬ ಷರತ್ತು ಎಲ್ಲಿಯಾದರೂ ಕಂಡರೆ ಅದನ್ನು ಎತ್ತಿ ತೋರಿಸಬೇಕು. ಫಲವನ್ನು ಅವಲಂಬಿಸಿದ ಫೀಯನ್ನೂ ಬಂದದ್ದರಲ್ಲಿ ಪಾಲನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ.

ಮೂರನೆಯದು ಖರ್ಚು. ಕೋರ್ಟ್ ಶುಲ್ಕ, ಸಮನ್ಸಿನ ಶುಲ್ಕ, ದೃಢೀಕೃತ ನಕಲು, ಬೆರಳಚ್ಚು, ಬೆಳಗಾವಿಯಿಂದ ಖಾನಾಪುರಕ್ಕೆ ಹೋಗಿಬರುವ ವೆಚ್ಚ: ಇವು ಫೀಯ ಒಳಗೋ ಹೊರಗೋ? ಪತ್ರವು ‘ಹೊರಗೆ’ ಎಂದು ಹೇಳಿ 10,000 ರೂಪಾಯಿ ಮುಂಗಡ ಕೇಳಿದೆ. ತಾರೀಖು ಮುಂದೆ ಹೋದ ದಿನವೂ ಪ್ರಯಾಣದ ಖರ್ಚು ಬೀಳುತ್ತದೆಯೇ ಎಂಬುದಕ್ಕೆ ಪತ್ರದಲ್ಲಿ ಉತ್ತರವಿಲ್ಲ. ಇಂಥ ಕಡೆ ಸಾರಾಂಶಕಾರನು ತಾನೇ ಉತ್ತರ ಕಲ್ಪಿಸದೆ, ‘ಪತ್ರದಲ್ಲಿ ಇಲ್ಲ, ಕೇಳಬೇಕು’ ಎಂದು ಬರೆಯತಕ್ಕದ್ದು. ಖರ್ಚಿಗೆಂದು ಕೊಟ್ಟ ಹಣವನ್ನು ಮೊಕದ್ದಮೆ ನಡೆಯುತ್ತಿರುವಾಗ ಕಕ್ಷಿದಾರರ ಲಿಖಿತ ಒಪ್ಪಿಗೆಯಿಲ್ಲದೆ ಫೀಗೆ ತಿರುಗಿಸಿಕೊಳ್ಳಲಾಗದು. ಆದ್ದರಿಂದ ಎರಡೂ ಲೆಕ್ಕ ಬೇರೆ ಬೇರೆ ಇರಲಿ.

ಕೊನೆಯದು ಬಿಡುಗಡೆ. ಕಕ್ಷಿದಾರಳು ಸಾಕ್ಷ್ಯದ ನಡುವೆ ವಕೀಲರನ್ನು ಬದಲಿಸಬಯಸಿದಳೆನ್ನಿ. ‘ಮುಟ್ಟಿದ ಹಂತದ ತನಕ ಫೀ ಸಲ್ಲುತ್ತದೆ’ ಎಂದು ಪತ್ರ ಹೇಳುತ್ತದಾದರೆ, ಎರಡು ಕಂತು ಸಲ್ಲಬೇಕು, ಮೂರನೆಯದು ಇಲ್ಲ. ಮುಂಗಡದಲ್ಲಿ 6,400 ಖರ್ಚಾಗಿದ್ದರೆ ಉಳಿದ 3,600 ಅವಳಿಗೆ ಹಿಂದಿರುಗಬೇಕು. ವಕೀಲರೇ ಬಿಡುವುದಾದರೆ ತಕ್ಕ ಕಾರಣವಿರಬೇಕು, ಸಾಕಷ್ಟು ಮುಂಚೆ ತಿಳಿಸಬೇಕು, ದುಡಿಯದ ಫೀಯನ್ನು ಮರಳಿಸಬೇಕು. ಇಬ್ಬರಲ್ಲಿ ಯಾರು ಬಿಟ್ಟರೂ ನಡೆಯುತ್ತಿರುವ ದಾವೆಯಲ್ಲಿ ವಕಾಲತ್ತು ತಾನಾಗಿ ಮುಗಿಯುವುದಿಲ್ಲ. ನ್ಯಾಯಾಲಯದ ಅನುಮತಿ ಬೇಕು. ಇನ್ನು, ಫೀ ಬಾಕಿಯಿದೆಯೆಂದು ಕಕ್ಷಿದಾರರ ಕಾಗದಪತ್ರಗಳನ್ನು ಒತ್ತೆಯಂತೆ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು ಸುಪ್ರೀಂ ಕೋರ್ಟ್ 2000ರಲ್ಲಿಯೇ ತೀರ್ಪಿತ್ತಿದೆ. ಬಾಕಿಯ ವಸೂಲಿಗೆ ಬೇರೆ ದಾರಿಗಳುಂಟು.

ಬರೆದು ಮುಗಿಸಿದ ಮೇಲೆ ಸಾರಾಂಶದ ಒಂದೊಂದು ಸಾಲಿನ ಎದುರಿಗೂ ಪತ್ರದ ಕಲಮಿನ ಸಂಖ್ಯೆಯನ್ನು ಹಾಕಬೇಕು. ಸಂಖ್ಯೆ ಸಿಗದ ಸಾಲು ನಮ್ಮ ಊಹೆ. ಸಾಲು ಸಿಗದ ಸಂಖ್ಯೆ ನಮ್ಮ ಮರೆವು. ಸಾರಾಂಶವು ಪತ್ರದ ಬದಲಿಯಲ್ಲ, ಸಹಿ ಬೀಳುವುದು ಪತ್ರಕ್ಕೇ. ‘ಕೇಳಬೇಕು’ ಎಂದು ಗುರುತಿಸಿದ ಸಾಲುಗಳಿಗೆ ವಕೀಲರಿಂದ ಲಿಖಿತ ಉತ್ತರ ಬಂದ ಮೇಲೆಯೇ ಆ ಸಹಿ ಬೀಳಲಿ.